ಬ್ರಾಕೆಟ್ ಒಳಗಿನ ತಾಲ್ಲೂಕು

ಕೊಪ್ಪಳ ಜಿಲ್ಲೆಯ ಯಾವ ಪಟ್ಟಿಯನ್ನಾದರೂ ತೆಗೆದು ನೋಡಿ. ಸ್ಮಾರಕಗಳದಿರಲಿ, ಶಾಲೆಗಳದಿರಲಿ, ಜಾತ್ರೆಗಳದಿರಲಿ, ಊರಿನ ಹೆಸರಿನ ಪಕ್ಕದಲ್ಲಿ ಒಂದು ಬ್ರಾಕೆಟ್ ಇದ್ದೇ ಇರುತ್ತದೆ. ಆನೆಗೊಂದಿ (ಗಂಗಾವತಿ), ಹಿರೇಬೆಣಕಲ್ (ಗಂಗಾವತಿ), ಇಟಗಿ (ಯಲಬುರ್ಗಾ), ಹನುಮಸಾಗರ (ಕುಷ್ಟಗಿ), ಮುನಿರಾಬಾದ್ (ಕೊಪ್ಪಳ) ಎಂದು ಸಾಲುಗಳು ಸಾಗುತ್ತವೆ. ಒಂದೇ ಹೆಸರಿನ ಊರುಗಳು ನಾಲ್ಕಾರು ಕಡೆ ಇರುವ ನಾಡಿನಲ್ಲಿ ಈ ಪದ್ಧತಿ ಬೇಕಾಗಿಯೇ ಬಂದದ್ದು. ಇದನ್ನು ಓದುವ ಮನುಷ್ಯನಿಗೆ ಹೊರಗಿರುವುದು ಊರು, ಒಳಗಿರುವುದು ತಾಲ್ಲೂಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಪಟ್ಟಿಯನ್ನು ಎಕ್ಸೆಲ್ ಹಾಳೆಗೆ ಹಾಕಿದ ಕೂಡಲೇ ಊರೂ ತಾಲ್ಲೂಕೂ ಒಂದೇ ಸೆಲ್‌ನಲ್ಲಿ ಅಂಟಿಕೊಂಡು ಕೂರುತ್ತವೆ. ಯಾವ ತಾಲ್ಲೂಕಿನಲ್ಲಿ ಎಷ್ಟು ಎಂದು ಎಣಿಸಲು ಬರುವುದಿಲ್ಲ, ತಾಲ್ಲೂಕುವಾರು ಜೋಡಿಸಲು ಬರುವುದಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಈ ಜಿಲ್ಲೆಯಲ್ಲಿದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. 2018ರಲ್ಲಿ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಅವು ಏಳಾದವು. ಹಳೆಯ ಪಟ್ಟಿಗಳನ್ನು ಹೊಸ ಲೆಕ್ಕಕ್ಕೆ ತರಬೇಕಾದರೆ ಮೊದಲು ಮಾಡಬೇಕಾದ ಕೆಲಸ, ಬ್ರಾಕೆಟ್ ಒಳಗಿನ ಹೆಸರನ್ನು ಹೊರತೆಗೆದು ಪ್ರತ್ಯೇಕ ಕಾಲಂನಲ್ಲಿ ಇಡುವುದು.

ಈ ಕೆಲಸಕ್ಕೆ MID ಮತ್ತು FIND ಎಂಬ ಎರಡು ಫಂಕ್ಷನ್‌ಗಳ ಜೋಡಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಸೂತ್ರವನ್ನು ಯಾರದೋ ಹಾಳೆಯಿಂದ ನಕಲು ಮಾಡಿ, ಕೆಳಗಿನವರೆಗೂ ಎಳೆದು, ಬಂದ ಉತ್ತರವನ್ನು ನಂಬಿ ಮುಂದೆ ಹೋಗುವುದೇ ರೂಢಿ. ಈ ರೂಢಿಯಲ್ಲೇ ತಪ್ಪಿದೆ ಎಂಬುದು ಈ ಲೇಖನದ ವಾದ. ಬ್ರಾಕೆಟ್ ಒಳಗಿನದನ್ನು ಓದುವ ಶಕ್ತಿ ಈ ಸೂತ್ರಕ್ಕಿಲ್ಲ. ಎರಡು ಚಿಹ್ನೆಗಳು ಎಷ್ಟನೆಯ ಜಾಗದಲ್ಲಿವೆ ಎಂಬ ಎರಡು ಸಂಖ್ಯೆಗಳು ಮಾತ್ರ ಅದಕ್ಕೆ ಗೊತ್ತು. ಹಾಗಾಗಿ ಕೆಲವು ತಪ್ಪುಗಳನ್ನು ಅದು ಕೂಗಿ ಹೇಳುತ್ತದೆ, ಇನ್ನು ಕೆಲವನ್ನು ಸದ್ದಿಲ್ಲದೆ ಸರಿಯುತ್ತರದ ವೇಷದಲ್ಲಿ ದಾಟಿಸುತ್ತದೆ. ಕೂಗನ್ನು ಅಡಗಿಸದೆ, ಮೌನವನ್ನು ಪರೀಕ್ಷಿಸಿ ಬಳಸಿದರೆ ಮಾತ್ರ ಹೊರಬಂದ ಕಾಲಂ ನಂಬಲು ಯೋಗ್ಯ.

ಎರಡು ಜಾಗ, ಒಂದು ಕಳೆಯುವ ಲೆಕ್ಕ

A2 ಸೆಲ್‌ನಲ್ಲಿ ‘ಆನೆಗೊಂದಿ (ಗಂಗಾವತಿ)’ ಎಂದಿದೆ ಎಂದುಕೊಳ್ಳಿ. ಪಕ್ಕದ ಸೆಲ್‌ನಲ್ಲಿ ಬರೆಯಬೇಕಾದ ಸೂತ್ರ ಇದು:

```
=MID(A2,FIND("(",A2)+1,FIND(")",A2)-FIND("(",A2)-1)
```

MID ಮೂರು ಸಂಗತಿ ಕೇಳುತ್ತದೆ. ಯಾವ ಪಠ್ಯದಿಂದ ತೆಗೆಯಬೇಕು, ಎಷ್ಟನೆಯ ಜಾಗದಿಂದ ತೆಗೆಯಬೇಕು, ಎಷ್ಟು ತೆಗೆಯಬೇಕು. ಮೊದಲನೆಯದಕ್ಕೆ ಉತ್ತರ A2. ಉಳಿದೆರಡಕ್ಕೆ ಉತ್ತರ ಕೊಡುವುದು FIND. ನಮ್ಮ ಸಾಲಿನಲ್ಲಿ ‘ಆನೆಗೊಂದಿ’ 1ರಿಂದ 8ನೆಯ ಜಾಗದವರೆಗೆ ಇದೆ, 9ನೆಯದು ಖಾಲಿ ಜಾಗ, 10ನೆಯದು ತೆರೆಯುವ ಬ್ರಾಕೆಟ್, 11ರಿಂದ 17ರವರೆಗೆ ‘ಗಂಗಾವತಿ’, 18ನೆಯದು ಮುಚ್ಚುವ ಬ್ರಾಕೆಟ್. ತೆರೆಯುವ ಬ್ರಾಕೆಟ್ ಬೇಡ, ಅದರ ಮುಂದಿನದು ಬೇಕು. ಹಾಗಾಗಿ 10ಕ್ಕೆ 1 ಕೂಡಿಸಿ 11ರಿಂದ ಆರಂಭ. ಉದ್ದಕ್ಕೆ 18ರಲ್ಲಿ 10 ಕಳೆದರೆ 8 ಬರುತ್ತದೆ. ಆದರೆ ಆ ಎಂಟರಲ್ಲಿ ಮುಚ್ಚುವ ಬ್ರಾಕೆಟ್ ಕೂಡ ಸೇರಿದೆ. ಅದನ್ನು ಬಿಡಲು ಇನ್ನೊಂದು 1 ಕಳೆದರೆ 7. ಕೊನೆಯ ಆ 1 ಕಳೆಯುವುದನ್ನು ಮರೆತರೆ ‘ಗಂಗಾವತಿ)’ ಎಂದು ಬಾಲ ಸಮೇತ ಬರುತ್ತದೆ. ಮೊದಲಿನ 1 ಕೂಡಿಸುವುದನ್ನು ಮರೆತರೆ ‘(ಗಂಗಾವತ’ ಎಂದು ಬರುತ್ತದೆ, ಕೊನೆಯ ಗುಣಿಸು ಉದುರಿ ಹೋಗುತ್ತದೆ. ಎರಡು ಒಂದುಗಳಲ್ಲಿ ಯಾವುದು ಬಿಟ್ಟಿದೆ ಎಂದು ತಪ್ಪು ಉತ್ತರವನ್ನು ನೋಡಿಯೇ ಹೇಳಬಹುದು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಆನೆಗೊಂದಿ ಎಂಬುದು ಕಣ್ಣಿಗೆ ಕಾಣುವಂತೆ ನಾಲ್ಕಕ್ಷರದ ಹೆಸರು: ಆ, ನೆ, ಗೊಂ, ದಿ. ಅದು ಎಂಟು ಜಾಗ ಹಿಡಿದದ್ದು ಹೇಗೆ? ಕಂಪ್ಯೂಟರ್ ಕನ್ನಡವನ್ನು ಯೂನಿಕೋಡ್‌ನಲ್ಲಿ ಇಡುವಾಗ ವ್ಯಂಜನಕ್ಕೆ ಒಂದು ಸಂಕೇತ, ಅದರ ಕಾಗುಣಿತಕ್ಕೆ ಇನ್ನೊಂದು, ಸೊನ್ನೆಗೆ ಮತ್ತೊಂದು, ಒತ್ತಕ್ಷರ ಬಂದರೆ ನಡುವಿನ ವಿರಾಮಕ್ಕೂ ಒಂದು ಸಂಕೇತ ಬಳಸುತ್ತದೆ. ‘ಆ’ ಒಂದು, ‘ನೆ’ ಎಂದರೆ ನ ಮತ್ತು ಎತ್ವ, ಎರಡು, ‘ಗೊಂ’ ಎಂದರೆ ಗ, ಒತ್ವ, ಸೊನ್ನೆ, ಮೂರು, ‘ದಿ’ ಎಂದರೆ ದ ಮತ್ತು ಗುಣಿಸು, ಎರಡು. ಒಟ್ಟು ಎಂಟು. ಎಕ್ಸೆಲ್‌ನ LEN, MID, FIND ಮೂರೂ ಎಣಿಸುವುದು ಈ ಸಂಕೇತಗಳನ್ನೇ. ನಾವು ಅಕ್ಷರ ಎನ್ನುವುದು ಅವುಗಳ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಕನ್ನಡದ ಹಾಳೆಗಳಲ್ಲಿ ಕೆಲಸ ಮಾಡುವವರಿಗೆ FIND ಅನಿವಾರ್ಯವಾಗುವುದು ಈ ಕಾರಣಕ್ಕೆ. ಇಂಗ್ಲಿಷ್ ಪಟ್ಟಿಯಲ್ಲಿ ಯಾರಾದರೂ ಕಣ್ಣಿನಿಂದ ಎಣಿಸಿ MIDಗೆ ನೇರವಾಗಿ ಸಂಖ್ಯೆ ಕೊಟ್ಟರೂ ಒಂದೊಂದು ಸಾಲಿಗೆ ಸರಿಯುತ್ತರ ಬಂದೀತು. ಕನ್ನಡದಲ್ಲಿ ಹಾಗಾಗದು. ನಾಲ್ಕಕ್ಷರ ಕಂಡಿತೆಂದು ಮೊದಲ 4 ತೆಗೆದರೆ ಆನೆಗೊಂದಿಯಿಂದ ಸಿಗುವುದು ‘ಆನೆಗ’, ಗಂಗಾವತಿಯಿಂದ ಸಿಗುವುದು ‘ಗಂಗಾ’. ಎರಡನೆಯದಂತೂ ತಾನೇ ಒಂದು ಪೂರ್ಣ ಪದದಂತೆ ಕಾಣುವುದರಿಂದ ತಪ್ಪಾಗಿದೆ ಎಂಬ ಅನುಮಾನವೂ ಬರಲಿಕ್ಕಿಲ್ಲ. ಆರಂಭದ ಜಾಗವೇ ತಪ್ಪಿ ಕಾಗುಣಿತದ ಮೇಲೆ ಬಿದ್ದರೆ, ಅದನ್ನು ಹೊರಲು ವ್ಯಂಜನವಿಲ್ಲದೆ ಪರದೆಯ ಮೇಲೆ ಚುಕ್ಕಿಗಳ ಒಂದು ವೃತ್ತ ಕಾಣಿಸಿಕೊಳ್ಳುತ್ತದೆ. ಆ ವೃತ್ತ ಕಂಡಲ್ಲೆಲ್ಲ ಯಾರೋ ಕೈಲೆಕ್ಕ ಹಾಕಿದ್ದಾರೆ ಎಂದು ಅನುಮಾನಿಸಬಹುದು. FINDನಿಂದ ಬಂದ ಜಾಗಗಳಲ್ಲಿ ಈ ಅಪಾಯವಿಲ್ಲ. ಏಕೆಂದರೆ ಬ್ರಾಕೆಟ್‌ಗೆ ತನ್ನದೇ ಸಂಕೇತವಿದೆ, ಅದು ಯಾವ ಅಕ್ಷರದ ಭಾಗವೂ ಅಲ್ಲ. ಎರಡು ಬ್ರಾಕೆಟ್‌ಗಳ ನಡುವೆ ಕತ್ತರಿಸಿದರೆ ಕನ್ನಡದ ಅಕ್ಷರ ಎಂದೂ ಅರ್ಧಕ್ಕೆ ತುಂಡಾಗುವುದಿಲ್ಲ. ಎಣಿಸುವವನೂ ಕತ್ತರಿಸುವವನೂ ಒಂದೇ ಅಳತೆಗೋಲು ಹಿಡಿದಿರುವುದರಿಂದ ಆ ಗೋಲಿನ ಮನೆಗಳು ಎಷ್ಟು ಚಿಕ್ಕವು ಎಂಬ ಚಿಂತೆ ನಮಗೆ ಬೇಕಾಗಿಲ್ಲ.

ಸೂತ್ರ ಕೂಗಿ ಹೇಳುವ ತಪ್ಪುಗಳು

ಇನ್ನು ನಿಜವಾದ ಪಟ್ಟಿಗೆ ಬರೋಣ. ಹಲವರು ಹಲವು ವರ್ಷ ತುಂಬಿದ ಹಾಳೆಯಲ್ಲಿ ಎಲ್ಲ ಸಾಲುಗಳೂ ಅಚ್ಚುಕಟ್ಟಾಗಿ ಇರುವುದಿಲ್ಲ. ಒಂದರಲ್ಲಿ ‘ಸಣಾಪುರ’ ಎಂದಷ್ಟೇ ಇರುತ್ತದೆ, ಬ್ರಾಕೆಟ್ಟೇ ಇಲ್ಲ. ಇನ್ನೊಂದರಲ್ಲಿ ‘ಸಣಾಪುರ (ಗಂಗಾವತಿ’ ಎಂದು ಮುಚ್ಚುವುದನ್ನು ಮರೆತಿರುತ್ತಾರೆ. ಈ ಎರಡೂ ಕಡೆ FINDಗೆ ಹುಡುಕಿದ್ದು ಸಿಗದೆ ಸೆಲ್‌ನಲ್ಲಿ #VALUE! ಎಂದು ಬರುತ್ತದೆ. ಬ್ರಾಕೆಟ್ ಬದಲು ಚೌಕ ಬ್ರಾಕೆಟ್ ಹಾಕಿದ್ದರೂ, ಬೇರೆ ಕೀಲಿಮಣೆಯಿಂದ ಬಂದ ಅಗಲವಾದ ಬ್ರಾಕೆಟ್ ಇದ್ದರೂ ಇದೇ ಆಗುತ್ತದೆ. ಕಣ್ಣಿಗೆ ಬ್ರಾಕೆಟ್ ಕಾಣುತ್ತಿದ್ದರೂ FINDಗೆ ಅದು ಬೇರೆಯೇ ಸಂಕೇತ.

ನಾಲ್ಕನೆಯದು ಕನ್ನಡದ ಪಟ್ಟಿಗಳಲ್ಲಿ ಬಹಳ ಸಾಮಾನ್ಯ. ಕ್ರಮಸಂಖ್ಯೆಯನ್ನೂ ಹೆಸರಿನ ಜೊತೆಯಲ್ಲೇ ‘1) ಆನೆಗೊಂದಿ (ಗಂಗಾವತಿ)’ ಎಂದು ಬರೆದಿರುತ್ತಾರೆ. ಇಲ್ಲಿ ಬ್ರಾಕೆಟ್ ಜೋಡಿ ಸರಿಯಾಗಿಯೇ ಇದೆ, ಆದರೂ ಸೂತ್ರ #VALUE! ಎನ್ನುತ್ತದೆ. ಕಾರಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. FIND ಯಾವಾಗಲೂ ಎಡದಿಂದ ಮೊದಲು ಸಿಕ್ಕಿದ್ದನ್ನು ಹೇಳುತ್ತದೆ. ಮುಚ್ಚುವ ಬ್ರಾಕೆಟ್ ಮೊದಲು ಸಿಗುವುದು ಕ್ರಮಸಂಖ್ಯೆಯ ಪಕ್ಕದಲ್ಲಿ, 2ನೆಯ ಜಾಗದಲ್ಲಿ. ತೆರೆಯುವ ಬ್ರಾಕೆಟ್ ಇರುವುದು 13ರಲ್ಲಿ. 2ರಲ್ಲಿ 13 ಕಳೆದು, ಮತ್ತೆ 1 ಕಳೆದರೆ ಬರುವ ಉದ್ದ ಮೈನಸ್ 12. ಶೂನ್ಯಕ್ಕಿಂತ ಕಡಿಮೆ ಉದ್ದದ ಪಠ್ಯವನ್ನು MID ತೆಗೆಯಲಾರದು. ಇದಕ್ಕೆ ಮದ್ದು FINDನಲ್ಲೇ ಇದೆ. ಹುಡುಕಾಟ ಎಲ್ಲಿಂದ ಆರಂಭವಾಗಬೇಕು ಎಂದು ಅದಕ್ಕೆ ಮೂರನೆಯ ಮಾಹಿತಿಯಾಗಿ ಕೊಡಬಹುದು. ಮುಚ್ಚುವ ಬ್ರಾಕೆಟ್ಟನ್ನು ತೆರೆಯುವ ಬ್ರಾಕೆಟ್ಟಿನ ನಂತರವೇ ಹುಡುಕು ಎಂದು ಹೇಳಿದರಾಯಿತು:

```
=MID(A2,FIND("(",A2)+1,FIND(")",A2,FIND("(",A2))-FIND("(",A2)-1)
```

ಈಗ ಮುಚ್ಚುವ ಬ್ರಾಕೆಟ್ 21ರಲ್ಲಿ ಸಿಗುತ್ತದೆ. 21ರಲ್ಲಿ 13 ಹೋದರೆ 8, ಅದರಲ್ಲಿ 1 ಹೋದರೆ 7. ಗಂಗಾವತಿ ಪೂರ್ಣವಾಗಿ ಬರುತ್ತದೆ. ಕ್ರಮಸಂಖ್ಯೆ ಇಲ್ಲದ ಸಾಲುಗಳಲ್ಲೂ ಇದರಿಂದ ಏನೂ ಕೆಡುವುದಿಲ್ಲ. ಆದ್ದರಿಂದ ಮೊದಲಿನ ಸೂತ್ರಕ್ಕಿಂತ ಇದನ್ನೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲೂ ಇದೇ ಸೂತ್ರ ನಡೆಯುತ್ತದೆ. ಭಾಷೆಯ ಹೊಂದಿಕೆಯನ್ನು ಅವಲಂಬಿಸಿ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕಾಗಬಹುದು, ಅಷ್ಟೆ.

#VALUE! ಎಂಬುದು ನೋಡಲು ಚೆಂದವಿಲ್ಲ ಎಂಬುದು ನಿಜ. ಹಾಗಾಗಿ ಇಡೀ ಸೂತ್ರವನ್ನು IFERROR ಒಳಗೆ ಹಾಕಿ, ತಪ್ಪು ಬಂದರೆ ಖಾಲಿ ಬಿಡು ಎಂದು ಬರೆಯುವುದು ವ್ಯಾಪಕವಾಗಿದೆ. ವರದಿ ಮೇಲಿನವರ ಕೈಗೆ ಹೋಗುವಾಗ ಹಾಳೆ ಸ್ವಚ್ಛವಾಗಿರಬೇಕು ಎಂಬುದು ಹಾಗೆ ಮಾಡುವವರ ಸಮರ್ಥನೆ. ವರದಿಯ ಮಟ್ಟಿಗೆ ಅದು ಒಪ್ಪುವ ಮಾತು, ಕೆಲಸದ ಹಾಳೆಯ ಮಟ್ಟಿಗೆ ಅಲ್ಲ. ಬ್ರಾಕೆಟ್ಟೇ ಇಲ್ಲದ ಸಾಲು, ಮುಚ್ಚಲು ಮರೆತ ಸಾಲು, ಬೇರೆ ಚಿಹ್ನೆ ಬಳಸಿದ ಸಾಲು, ಈ ಮೂರೂ ಬೇರೆ ಬೇರೆ ರೋಗಗಳು. ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು. IFERROR ಮೂರನ್ನೂ ಒಂದೇ ಬಿಳಿ ಸೆಲ್ ಮಾಡುತ್ತದೆ. ಆಮೇಲೆ ತಾಲ್ಲೂಕುವಾರು ಎಣಿಸಿದಾಗ ಆ ಸಾಲುಗಳು ಯಾವ ತಾಲ್ಲೂಕಿಗೂ ಸೇರದೆ ಲೆಕ್ಕದಿಂದ ಜಾರಿಹೋಗುತ್ತವೆ, ಮೊತ್ತ ಕಡಿಮೆಯಾಗಿದೆ ಎಂದು ತೋರಿಸುವ ಗುರುತೇ ಉಳಿಯುವುದಿಲ್ಲ. ತಪ್ಪನ್ನು ಹಿಡಿದೇ ತೀರಬೇಕೆಂದರೆ ಖಾಲಿ ಬಿಡುವ ಬದಲು ‘ಪರಿಶೀಲಿಸಿ’ ಎಂಬ ಪದ ಬರುವಂತೆ ಮಾಡಿ. ಆಗ ಎಣಿಕೆಯಲ್ಲಿ ‘ಪರಿಶೀಲಿಸಿ’ ಎಂಬ ಎಂಟನೆಯ ತಾಲ್ಲೂಕು ಕಾಣಿಸಿಕೊಂಡು ತನ್ನನ್ನು ತಾನೇ ತೋರಿಸಿಕೊಡುತ್ತದೆ.

ಸದ್ದಿಲ್ಲದೆ ದಾಟುವ ತಪ್ಪುಗಳು

ಕೂಗುವ ತಪ್ಪುಗಳಿಗಿಂತ ಕಷ್ಟ ಕೊಡುವುದು ಕೂಗದ ತಪ್ಪುಗಳು. ಪ್ರವಾಸದ ಪಟ್ಟಿಯೊಂದರಲ್ಲಿ ‘ಆನೆಗೊಂದಿ (ಕಿಷ್ಕಿಂಧೆ) (ಗಂಗಾವತಿ)’ ಎಂದಿದ್ದರೆ ಸೂತ್ರ ಮೊದಲ ಜೋಡಿಯನ್ನು ಹಿಡಿದು ‘ಕಿಷ್ಕಿಂಧೆ’ ಎಂದು ಕೊಡುತ್ತದೆ. ತಪ್ಪಿನ ಗುರುತಿಲ್ಲ, ಕೆಂಪು ಬಣ್ಣವಿಲ್ಲ. ಲೆಕ್ಕದ ದೃಷ್ಟಿಯಿಂದ ಅದು ಕೇಳಿದ್ದನ್ನೇ ಮಾಡಿದೆ. ಬ್ರಾಕೆಟ್ ಒಳಗೆ ಬ್ರಾಕೆಟ್ ಬಂದರೆ ಇನ್ನೂ ವಿಚಿತ್ರ. ತುಂಗಭದ್ರೆಯ ನಡುಗಡ್ಡೆಯಲ್ಲಿರುವ ಒಂಬತ್ತು ಯತಿಗಳ ವೃಂದಾವನಗಳ ತಾಣವನ್ನು ‘ನವವೃಂದಾವನ (ಆನೆಗೊಂದಿ (ಗಂಗಾವತಿ))’ ಎಂದು ಬರೆದಿದ್ದಾರೆ ಎನ್ನಿ. ಸೂತ್ರ ಮೊದಲ ತೆರೆಯುವ ಚಿಹ್ನೆಯಿಂದ ಮೊದಲ ಮುಚ್ಚುವ ಚಿಹ್ನೆಯವರೆಗೆ ಕತ್ತರಿಸಿ ‘ಆನೆಗೊಂದಿ (ಗಂಗಾವತಿ’ ಎಂದು ಕೊಡುತ್ತದೆ. ಯಾವ ತೆರೆಯುವ ಚಿಹ್ನೆಗೆ ಯಾವ ಮುಚ್ಚುವ ಚಿಹ್ನೆ ಜೊತೆ ಎಂಬ ತಿಳಿವಳಿಕೆ FINDಗೆ ಇಲ್ಲ.

ಇದಕ್ಕೆ ಪರಿಹಾರವೇನು? ಬಂದ ಹೆಸರುಗಳನ್ನು ತಾಲ್ಲೂಕುಗಳ ಪಟ್ಟಿಯ ಜೊತೆ ಹೋಲಿಸಿದರೆ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ‘ಕಿಷ್ಕಿಂಧೆ’ ಎಂಬ ತಾಲ್ಲೂಕು ಇಲ್ಲದ್ದರಿಂದ ಅದು ಅಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಸರಿ. ಆದರೆ ಇದೇ ಜಿಲ್ಲೆಯಲ್ಲಿ ಆ ಪರೀಕ್ಷೆಯನ್ನೂ ದಾಟಿಹೋಗುವ ಸಾಲುಗಳಿವೆ. ಕುಕನೂರಿನ ನವಲಿಂಗ ಗುಡಿಯನ್ನು ಹಳೆಯ ಪಟ್ಟಿಯಲ್ಲಿ ‘ನವಲಿಂಗ ಗುಡಿ (ಕುಕನೂರು) (ಯಲಬುರ್ಗಾ)’ ಎಂದು ಬರೆದಿದ್ದರೆ ಸೂತ್ರ ಕೊಡುವುದು ‘ಕುಕನೂರು’. ಬರೆದವರು ಅದನ್ನು ಊರಿನ ಹೆಸರಾಗಿ ಬರೆದಿದ್ದರು. ಈಗ ಅದು ತಾಲ್ಲೂಕಿನ ಹೆಸರೂ ಹೌದು. ಏಳು ತಾಲ್ಲೂಕುಗಳ ಪಟ್ಟಿಯ ಜೊತೆ ಹೋಲಿಸಿದರೆ ಸರಿ ಎಂದೇ ಬರುತ್ತದೆ. ‘ಕನಕಾಚಲಪತಿ ದೇವಸ್ಥಾನ (ಕನಕಗಿರಿ) (ಗಂಗಾವತಿ)’ ಎಂಬ ಸಾಲಿಗೂ ಇದೇ ಗತಿ. ಆಗ ಆ ಕಾಲಂನಲ್ಲಿ ಕೆಲವು ಸಾಲುಗಳು ಹಳೆಯ ತಾಲ್ಲೂಕನ್ನೂ ಕೆಲವು ಹೊಸದನ್ನೂ ಹೇಳುತ್ತಿರುತ್ತವೆ, ಎರಡೂ ಸರಿಯಾದವೆಂಬಂತೆ ಕಾಣುತ್ತವೆ, ಎಣಿಕೆ ಮಾತ್ರ ಯಾವ ಕಾಲಕ್ಕೂ ಸೇರುವುದಿಲ್ಲ.

ಆದ್ದರಿಂದ ಹೆಸರನ್ನು ಪರೀಕ್ಷಿಸುವ ಮೊದಲು ಸಾಲಿನ ಆಕಾರವನ್ನು ಪರೀಕ್ಷಿಸಬೇಕು. ಸೆಲ್‌ನಲ್ಲಿ ತೆರೆಯುವ ಬ್ರಾಕೆಟ್ ಎಷ್ಟಿವೆ ಎಂದು ಎಣಿಸಲು ಸರಳ ಉಪಾಯವಿದೆ. ಇಡೀ ಪಠ್ಯದ ಉದ್ದದಿಂದ, ಬ್ರಾಕೆಟ್‌ಗಳನ್ನು ಕಿತ್ತುಹಾಕಿದ ಪಠ್ಯದ ಉದ್ದವನ್ನು ಕಳೆಯುವುದು:

```
=LEN(A2)-LEN(SUBSTITUTE(A2,"(",""))
```

ಇದನ್ನು B2ರಲ್ಲಿ ಇಟ್ಟು ಕೆಳಗೆ ಎಳೆಯಿರಿ. ಆನೆಗೊಂದಿ (ಗಂಗಾವತಿ) ಸಾಲಿಗೆ 18ರಲ್ಲಿ 17 ಕಳೆದು 1 ಬರುತ್ತದೆ. ಬ್ರಾಕೆಟ್ ಇಲ್ಲದ ಸಣಾಪುರದ ಸಾಲಿಗೆ 0, ನವಲಿಂಗ ಗುಡಿಗೆ 2. ಈ ಕಾಲಂಗೆ ಫಿಲ್ಟರ್ ಹಾಕಿ 1 ಅಲ್ಲದ್ದನ್ನು ಮಾತ್ರ ನೋಡಿದರೆ ಮನುಷ್ಯನ ಕಣ್ಣು ಬೇಕಾದ ಸಾಲುಗಳಷ್ಟೇ ಮುಂದೆ ನಿಲ್ಲುತ್ತವೆ. ಸಾವಿರ ಸಾಲಿನ ಹಾಳೆಯಲ್ಲಿ ಇಂಥವು ಬೆರಳೆಣಿಕೆಯಷ್ಟೇ ಇದ್ದರೆ ಕೈಯಿಂದಲೇ ತಿದ್ದುವುದು ವಾಸಿ.

ಅಂಥ ಸಾಲುಗಳು ಬಹಳ ಇದ್ದು, ತಾಲ್ಲೂಕು ಯಾವಾಗಲೂ ಕೊನೆಯ ಬ್ರಾಕೆಟ್‌ನಲ್ಲೇ ಇದೆ ಎಂದು ಖಚಿತವಾದರೆ ಸೂತ್ರವನ್ನೇ ಕೊನೆಯ ಜೋಡಿಯ ಕಡೆ ತಿರುಗಿಸಬಹುದು. FIND ಬಲದಿಂದ ಹುಡುಕುವುದಿಲ್ಲ. ಆದರೆ SUBSTITUTEಗೆ ಎಷ್ಟನೆಯದನ್ನು ಬದಲಿಸಬೇಕು ಎಂದು ಹೇಳಬಹುದು, ಮತ್ತು ಒಟ್ಟು ಎಷ್ಟಿವೆ ಎಂಬುದು B2ರಲ್ಲಿ ಈಗಾಗಲೇ ಇದೆ. ಹಾಗಾಗಿ ಕೊನೆಯ ತೆರೆಯುವ ಬ್ರಾಕೆಟ್ಟನ್ನು ಮಾತ್ರ, ಪಟ್ಟಿಯಲ್ಲಿ ಎಲ್ಲೂ ಬರದ ಒಂದು ಚಿಹ್ನೆಗೆ ಬದಲಿಸಿ, ಆ ಚಿಹ್ನೆಯ ಜಾಗ ಕೇಳುವುದು. ಒಂದರ ಜಾಗಕ್ಕೆ ಒಂದೇ ಬಂದಿರುವುದರಿಂದ ಉಳಿದವುಗಳ ಜಾಗ ಅಲುಗುವುದಿಲ್ಲ. C2ರಲ್ಲಿ ಜಾಗ, D2ರಲ್ಲಿ ಉತ್ತರ:

```
=FIND("|",SUBSTITUTE(A2,"(","|",B2))
=MID(A2,C2+1,FIND(")",A2,C2)-C2-1)
```

ನವಲಿಂಗ ಗುಡಿಯ ಸಾಲಿನಿಂದ ಈಗ ‘ಯಲಬುರ್ಗಾ’ ಬರುತ್ತದೆ. ನವವೃಂದಾವನದ ಸಾಲಿನಿಂದಲೂ ‘ಗಂಗಾವತಿ’ ಬರುತ್ತದೆ, ಏಕೆಂದರೆ ಕೊನೆಯ ತೆರೆಯುವ ಚಿಹ್ನೆಯ ನಂತರ ಮೊದಲು ಸಿಗುವ ಮುಚ್ಚುವ ಚಿಹ್ನೆ ಅದರದ್ದೇ ಜೊತೆ. ಬ್ರಾಕೆಟ್ ಇಲ್ಲದ ಸಾಲಿನಲ್ಲಿ B2 ಸೊನ್ನೆಯಾಗಿರುವುದರಿಂದ SUBSTITUTE ಒಪ್ಪದೆ #VALUE! ಬರುತ್ತದೆ, ಬರಲಿ, ಅದು ಬರಬೇಕಾದ್ದೇ. ಎಲ್ಲವನ್ನೂ ಒಂದೇ ಉದ್ದ ಸೂತ್ರಕ್ಕೆ ತುರುಕಲು ಸಾಧ್ಯ. ಆದರೆ ಎಣಿಕೆ, ಜಾಗ, ಉತ್ತರ ಮೂರೂ ಮೂರು ಕಾಲಂಗಳಲ್ಲಿ ಬಿಡಿಯಾಗಿದ್ದರೆ ತಪ್ಪು ಎಲ್ಲಿ ಹುಟ್ಟಿತು ಎಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಬಹುದು.

ಹೊಸ ಉಪಕರಣಗಳಿರುವಾಗ ಇದೇಕೆ?

ಇಷ್ಟೆಲ್ಲ ಏಕೆ, ಹೊಸ ಎಕ್ಸೆಲ್‌ನಲ್ಲಿ TEXTAFTER, TEXTBEFORE ಎಂಬ ಫಂಕ್ಷನ್‌ಗಳೇ ಇವೆಯಲ್ಲ ಎಂಬುದು ಪ್ರಬಲವಾದ ಆಕ್ಷೇಪ. 2022ರಿಂದ ಮೈಕ್ರೋಸಾಫ್ಟ್ 365ರಲ್ಲಿ ಅವು ಸಿಗುತ್ತಿವೆ. ತೆರೆಯುವ ಬ್ರಾಕೆಟ್ ನಂತರದ್ದನ್ನು ತೆಗೆದು, ಅದರಲ್ಲಿ ಮುಚ್ಚುವ ಬ್ರಾಕೆಟ್ ಮುಂಚಿನದನ್ನು ತೆಗೆದರೆ ಕೆಲಸ ಮುಗಿಯಿತು. ಕೂಡಿಸುವ ಕಳೆಯುವ ಒಂದುಗಳ ಗೊಡವೆ ಇಲ್ಲ, ಕೊನೆಯದು ಬೇಕಾದರೆ ಮೈನಸ್ 1 ಎಂದರೆ ಸಾಕು. ಆ ಸೌಲಭ್ಯ ಇರುವವರು ಅದನ್ನು ಬಳಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 2016ರ ಅಥವಾ 2019ರ ಎಕ್ಸೆಲ್ ಇರುವ ಯಂತ್ರದಲ್ಲಿ ಆ ಸೂತ್ರ ಬರೆದರೆ #NAME? ಎಂದು ಬರುತ್ತದೆ. ಒಂದೇ ಹಾಳೆ ಹಲವು ಕೈ, ಹಲವು ಯಂತ್ರ ದಾಟುವ ಕಡೆ ಎಲ್ಲೆಡೆ ನಡೆಯುವ MID, FIND ಜೋಡಿಗೆ ಇನ್ನೂ ಬೆಲೆಯಿದೆ. ಅದಕ್ಕಿಂತ ಮುಖ್ಯವಾದ ಸಂಗತಿ, ಹೊಸ ಫಂಕ್ಷನ್‌ಗಳು ಬರೆಯುವ ಶ್ರಮವನ್ನು ಕಡಿಮೆ ಮಾಡಿವೆ, ಮೌನದ ತಪ್ಪನ್ನು ಕಡಿಮೆ ಮಾಡಿಲ್ಲ. ನವಲಿಂಗ ಗುಡಿಯ ಸಾಲಿನಿಂದ ಅವೂ ‘ಕುಕನೂರು’ ಎಂದೇ ತೆಗೆಯುತ್ತವೆ. ಬ್ರಾಕೆಟ್ ಎಣಿಸುವ ಕೆಲಸ ಅಲ್ಲಿಯೂ ತಪ್ಪಿದ್ದಲ್ಲ.

ಎಕ್ಸೆಲ್ 2013ರಿಂದ ಇರುವ ಫ್ಲ್ಯಾಶ್ ಫಿಲ್ ಬಗ್ಗೆಯೂ ಇದನ್ನೇ ಹೇಳಬೇಕು. ಮೊದಲ ಒಂದೆರಡು ಸಾಲಿನಲ್ಲಿ ಉತ್ತರವನ್ನು ಕೈಯಿಂದ ಬರೆದು ಕಂಟ್ರೋಲ್ ಮತ್ತು E ಒತ್ತಿದರೆ ಉಳಿದದ್ದನ್ನು ಅದೇ ಊಹಿಸಿ ತುಂಬುತ್ತದೆ. ಒಮ್ಮೆ ಮಾತ್ರ ಮಾಡಬೇಕಾದ ಚಿಕ್ಕ ಪಟ್ಟಿಗೆ ಅದು ಸಾಕು. ಆದರೆ ಅದು ತುಂಬುವುದು ಬರಿಯ ಪಠ್ಯವನ್ನು, ಹಿಂದೆ ಸೂತ್ರವಿರುವುದಿಲ್ಲ. ನಾಳೆ A2ರಲ್ಲಿ ಗಂಗಾವತಿಯನ್ನು ತಿದ್ದಿದರೆ ಪಕ್ಕದ ಉತ್ತರ ಹಳೆಯದಾಗಿಯೇ ಉಳಿಯುತ್ತದೆ. ಯಾವ ನಿಯಮದ ಮೇಲೆ ತುಂಬಿತು ಎಂದು ಓದಿ ನೋಡಲೂ ಬರುವುದಿಲ್ಲ. ಸೂತ್ರವಾದರೆ ತಪ್ಪಿದರೂ ಒಂದೇ ರೀತಿಯಲ್ಲಿ ತಪ್ಪುತ್ತದೆ, ಆದ್ದರಿಂದ ಆ ತಪ್ಪನ್ನು ಹುಡುಕಿ ಹಿಡಿಯಬಹುದು.

ಇನ್ನೊಂದು ಆಕ್ಷೇಪ ಬೇರು ಮಟ್ಟದ್ದು. ಊರಿಗೆ ಒಂದು ಕಾಲಂ, ತಾಲ್ಲೂಕಿಗೆ ಒಂದು ಕಾಲಂ ಎಂದು ಮೊದಲೇ ಮಾಡಿದ್ದರೆ ಈ ಸರ್ಕಸ್ಸೇ ಬೇಡವಲ್ಲ ಎನ್ನುವುದು. ಹೊಸದಾಗಿ ತುಂಬುವ ಹಾಳೆಗಳಿಗೆ ಈ ಮಾತು ಪೂರ್ತಿ ಸರಿ, ಹಾಗೆಯೇ ಮಾಡಬೇಕು. ಆದರೆ ನಮ್ಮ ಕೈಗೆ ಬರುವ ಬಹುಪಾಲು ಪಟ್ಟಿಗಳು ಮನುಷ್ಯರು ಓದಲೆಂದು ಅಚ್ಚಾದ ಪುಟಗಳಿಂದ ಬಂದವು. ಅಲ್ಲಿ ಬ್ರಾಕೆಟ್ ಇರುವುದೇ ಸರಿ. ಬ್ರಾಕೆಟ್ ಒಳಗೆ ಏನಿರಬೇಕು ಎಂಬುದೂ ಪಟ್ಟಿಯಿಂದ ಪಟ್ಟಿಗೆ ಬೇರೆ. 2011ರ ಜನಗಣತಿಯ ಕೋಷ್ಟಕಗಳಲ್ಲಿ ಕೊಪ್ಪಳ, ಗಂಗಾವತಿಗಳ ಮುಂದಿನ ಬ್ರಾಕೆಟ್‌ನಲ್ಲಿರುವುದು ತಾಲ್ಲೂಕಿನ ಹೆಸರಲ್ಲ. ಅದು ನಗರಸಭೆ ಎಂದು ಸೂಚಿಸುವ CMC ಎಂಬ ಮೂರಕ್ಷರ. ಎರಡು ಮೂಲಗಳ ಪಟ್ಟಿಗಳನ್ನು ಒಂದರ ಕೆಳಗೊಂದು ಅಂಟಿಸಿ ಒಂದೇ ಸೂತ್ರ ಎಳೆದರೆ ತಾಲ್ಲೂಕಿನ ಕಾಲಂನಲ್ಲಿ CMC ಬಂದು ಕೂರುವುದು ಹೀಗೆ. ಒಂದು ಮೂಲದ ಪಟ್ಟಿಯನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಸೇರಿಸಬೇಕು.

ಹೊರತೆಗೆದ ಮೇಲೆ ಉಳಿಯುವ ಕೊನೆಯ ಪರೀಕ್ಷೆ ಹೆಸರಿನದು. ಪಟ್ಟಿ 2018ಕ್ಕಿಂತ ಹಳೆಯದಾದರೆ ಹೋಲಿಸಬೇಕಾದದ್ದು ಅಂದಿನ ನಾಲ್ಕು ತಾಲ್ಲೂಕುಗಳ ಜೊತೆಗೆ, ಇಂದಿನ ಏಳರ ಜೊತೆಗಲ್ಲ. ಆ ನಾಲ್ಕು ಹೆಸರನ್ನು H2ರಿಂದ H5ರವರೆಗೆ ಬರೆದು, COUNTIF($H$2:$H$5,D2) ಸೂತ್ರದ ಉತ್ತರ 0 ಬಂದ ಸಾಲುಗಳನ್ನು ನೋಡಬೇಕು. ಬ್ರಾಕೆಟ್ ಒಳಗೆ ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟಿದ್ದರೆ ಅದು ಇಲ್ಲಿ ಸಿಗುತ್ತದೆ. ಸೂತ್ರವನ್ನು TRIM ಒಳಗೆ ಹಾಕಿದರೆ ಅದು ಹೋಗುತ್ತದೆ. ಯಲಬುರ್ಗಾ, ಯಲಬುರ್ಗ ಎಂಬ ಎರಡು ಬರವಣಿಗೆಗಳೂ ಇಲ್ಲೇ ಬೇರ್ಪಟ್ಟು ಕಾಣುತ್ತವೆ. ಇನ್ನೂ ಸೂಕ್ಷ್ಮವಾದದ್ದು ಕೊಪ್ಪಳದ್ದು. ಅದರ ಮೊದಲ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ‘ಕೊಪ್ಪಳ’ ಎಂದೇ ಕಾಣುತ್ತವೆ. LEN ಮಾತ್ರ ಒಂದಕ್ಕೆ 6, ಇನ್ನೊಂದಕ್ಕೆ 7 ಎನ್ನುತ್ತದೆ. ಕಣ್ಣಿಗೆ ಒಂದೇ ಆಗಿ ಕಂಡ ಹೆಸರು ಎಣಿಕೆಯಲ್ಲಿ ಎರಡಾಗಿ ಒಡೆದರೆ ಪಕ್ಕದಲ್ಲಿ LEN ಹಾಕಿ ನೋಡಿ, ಕಾರಣ ತಿಳಿಯುತ್ತದೆ.

ಇಷ್ಟಾದ ಮೇಲೆ ಕೈಯಲ್ಲಿ ಉಳಿಯುವ ಕಾಲಂ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಆನೆಗೊಂದಿಯ ಮುಂದೆ ಬಂದ ‘ಗಂಗಾವತಿ’ ಇಂದಿಗೂ ಸರಿ. ಇಟಗಿಯ ಮುಂದೆ ಬಂದ ‘ಯಲಬುರ್ಗಾ’ ಪಟ್ಟಿ ಬರೆದಾಗ ಸರಿಯಾಗಿತ್ತು, ಈಗ ಆ ಊರು ಕುಕನೂರು ತಾಲ್ಲೂಕಿನದು. ಕನಕಗಿರಿಯ ಮುಂದೆ ಬಂದ ‘ಗಂಗಾವತಿ’ಯೂ ಹಾಗೆಯೇ. ಸೂತ್ರ ಈ ಮೂರನ್ನೂ ಒಂದೇ ನಿಷ್ಠೆಯಿಂದ ಹೊರತೆಗೆದಿದೆ. ಬ್ರಾಕೆಟ್ ಒಳಗಿನ ಹೆಸರಿನಿಂದ ಹೊಸ ತಾಲ್ಲೂಕನ್ನು ತೀರ್ಮಾನಿಸಲು ಬರುವುದಿಲ್ಲ, ಏಕೆಂದರೆ ಹಳೆಯ ಗಂಗಾವತಿಯ ಊರುಗಳು ಈಗ ಬೇರೆ ಬೇರೆ ತಾಲ್ಲೂಕುಗಳಿಗೆ ಹಂಚಿಹೋಗಿವೆ. ಅದನ್ನು ತೀರ್ಮಾನಿಸಬೇಕಾದದ್ದು ಬ್ರಾಕೆಟ್ ಹೊರಗಿನ ಊರಿನ ಹೆಸರಿನಿಂದ, ಯಾವ ಊರು ಈಗ ಎಲ್ಲಿದೆ ಎಂದು ಹೇಳುವ ಪ್ರತ್ಯೇಕ ಕೋಷ್ಟಕದ ನೆರವಿನಿಂದ. ಹಾಗಾಗಿ ಹೊರತೆಗೆದ ಕಾಲಂಗೆ ಬರೀ ‘ತಾಲ್ಲೂಕು’ ಎಂದು ಶೀರ್ಷಿಕೆ ಕೊಡದೆ ‘ಮೂಲ ಪಟ್ಟಿಯಲ್ಲಿದ್ದ ತಾಲ್ಲೂಕು’ ಎಂದು ಕೊಡಿ, ಪಕ್ಕದಲ್ಲಿ ‘ಈಗಿನ ತಾಲ್ಲೂಕು’ ಎಂಬ ಇನ್ನೊಂದು ಕಾಲಂ ತೆರೆಯಿರಿ, A ಕಾಲಂನ ಮೂಲ ಬರವಣಿಗೆಯನ್ನು ಅಳಿಸದೆ ಉಳಿಸಿ. ಮುಂದೆ ಯಾರಾದರೂ ಈ ಎಣಿಕೆಯನ್ನು ಪ್ರಶ್ನಿಸಿದರೆ ಯಾವ ಸಾಲಿನಿಂದ, ಯಾವ ಜಾಗದಿಂದ, ಯಾವ ಹೆಸರು ಬಂದಿತು ಎಂದು ಸಾಲು ಸಾಲಾಗಿ ತೋರಿಸಲು ಈ ಮೂರು ಕಾಲಂಗಳು ಬೇಕೇ ಬೇಕು.